ಹದಿನಾಲ್ಕು ಕುರ್ಚಿ ಹಾಕಿ ಅಣ್ವಸ್ತ್ರದ ತೀರ್ಪು ಕಲಿಸಿದ ನನ್ನ ಅನುಭವ

ಅಣ್ವಸ್ತ್ರದ ಬೆದರಿಕೆ ಮತ್ತು ಬಳಕೆ ಬಗ್ಗೆ ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯ 1996ರ ಜುಲೈ 8ರಂದು ಕೊಟ್ಟ ಸಲಹಾ ಅಭಿಪ್ರಾಯವನ್ನು ಮೂಟ್ ಕೋರ್ಟ್ ಎಂಬ ಅಣಕು ವಾದಸ್ಪರ್ಧೆಯ ತಂಡಕ್ಕೆ ಹೇಳಿಕೊಟ್ಟವರಿಗೆ ಗೊತ್ತು, ಹುಡುಗರು ಎಲ್ಲರೂ ಒಂದೇ ಕಡೆ ಎಡವುತ್ತಾರೆ. "ಸರ್, 7-7 ಆಯ್ತು, ಅಧ್ಯಕ್ಷರ ವೋಟಲ್ಲಿ ಮುಗೀತು, ಅಂದ್ರೆ ಕೋರ್ಟ್ ಏನೂ ಹೇಳ್ಲಿಲ್ಲ." ಈ ಮಾತನ್ನು ಅವರ ತಲೆಯಿಂದ ತೆಗೆಯೋಕೆ ನನಗೆ ಮೂರು ವರ್ಷ ಹಿಡಿಯಿತು, ದುಡ್ಡೂ ಹೋಯಿತು.

ನಾನು ಮಂಡ್ಯದಲ್ಲಿ ಬೆಳಗ್ಗೆ ವಕೀಲಿ, ಸಂಜೆ ಕಾನೂನು ವಿದ್ಯಾರ್ಥಿಗಳಿಗೆ ಮೂಟ್ ತರಬೇತಿ. ಬಾರ್‌ನಲ್ಲಿ ಹಿರಿಯರೊಬ್ಬರು ನಗ್ತಾ ಕೇಳಿದ್ದರು: "ಏನ್ ಸ್ವಾಮಿ, ನಮ್ಮ ಜಿಲ್ಲಾ ಕೋರ್ಟಿಗೆ ಬಾಂಬ್ ಕೇಸು ಯಾವಾಗ ಪೋಸ್ಟ್ ಆಗುತ್ತೆ?" ಕಾಲೇಜಿನವರಿಗೂ ಅಷ್ಟೇನೂ ನಂಬಿಕೆ ಇರಲಿಲ್ಲ.

ಮೊದಲ ವರ್ಷ ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದವನ್ನು ವಿಧಿ ವಿಧಿಯಾಗಿ ಬೋರ್ಡ್ ಮೇಲೆ ಬರೆದೆ. ಹುಡುಗರು ಒಪ್ಪಿಸಿದರು. ಆದರೆ ಸ್ಪರ್ಧೆಯ ಪೀಠದಿಂದ "ಭಾರತ ಈ ಒಪ್ಪಂದಕ್ಕೆ ಸಹಿಯೇ ಹಾಕಿಲ್ಲವಲ್ಲ, ನಿಶ್ಶಸ್ತ್ರೀಕರಣದ ಆರನೇ ವಿಧಿ ನಿಮಗೇಕೆ?" ಅಂದ ತಕ್ಷಣ ಬಾಯಿ ಕಟ್ಟಿತು. ಎರಡನೇ ವರ್ಷ ಎರಡು ಬಣ ಮಾಡಿ ಚರ್ಚೆಗೆ ಬಿಟ್ಟೆ. ಹತ್ತು ನಿಮಿಷದಲ್ಲಿ ಅದು ಟೀವಿ ಜಗಳ ಆಯಿತು. ಅದೇ ವರ್ಷ ಪೂರ್ತಿ ಅಭಿಪ್ರಾಯದ ಜೆರಾಕ್ಸ್ ಎಲ್ಲರಿಗೂ ಕೊಡಿಸಿದೆ. ಹದಿನಾಲ್ಕು ನ್ಯಾಯಾಧೀಶರೂ ತಮ್ಮ ತಮ್ಮ ಟಿಪ್ಪಣಿ ಸೇರಿಸಿದ್ದಾರೆ, ಕಟ್ಟು ದಪ್ಪ. ಸುಮಾರು ಎರಡೂವರೆ ಸಾವಿರ ಕೈಬಿಟ್ಟಿತು. ಓದಿದವರು ಒಬ್ಬರೋ ಇಬ್ಬರೋ.

ಮೂರನೇ ಸಲ ಹದಿನಾಲ್ಕು ಕುರ್ಚಿ ಹಾಕಿಸಿದೆ. 1996ರಲ್ಲಿ ಹೇಗ್‌ನ ಪೀಠದಲ್ಲಿ ಇದ್ದದ್ದು ಅಷ್ಟೇ ಜನ, ಹದಿನೈದನೆಯವರು ತೀರಿಕೊಂಡಿದ್ದರು. ಅದಕ್ಕೇ ವೋಟು ಸಮ ಆಗೋಕೆ ಜಾಗ ಸಿಕ್ಕಿದ್ದು. ಒಬ್ಬೊಬ್ಬರಿಗೆ ಒಬ್ಬ ನ್ಯಾಯಾಧೀಶರು, ಅವರ ಟಿಪ್ಪಣಿಯ ಎರಡೇ ಪುಟ. ಹುಡುಗರು ಸಾಲದೆ ನಮ್ಮ ಆಫೀಸಿನ ಜೂನಿಯರ್‌ಗಳನ್ನೂ ಟೈಪಿಸ್ಟ್ ಅಮ್ಮನನ್ನೂ ಕೂರಿಸಿದೆ. ಜೆರಾಕ್ಸ್, ಟೀ, ಬನ್ನು ಎಲ್ಲ ಸೇರಿ ಮುನ್ನೂರು ರೂಪಾಯಿ ಚಿಲ್ಲರೆ.

ತೀರ್ಪಿನ ಕೊನೆಯ 105ನೇ ಪ್ಯಾರಾದ ಎ ಇಂದ ಎಫ್ ವರೆಗೆ ಒಂದೊಂದೇ ಓದುತ್ತೇನೆ. ಒಪ್ಪಿದವರು ಎದ್ದು ನಿಲ್ಲಬೇಕು. ಅಣ್ವಸ್ತ್ರಕ್ಕೆ ಯಾವ ಕಾನೂನೂ ನೇರ ಅನುಮತಿ ಕೊಟ್ಟಿಲ್ಲ ಅನ್ನುವ ಎ ಭಾಗಕ್ಕೆ ಎಲ್ಲರೂ ನಿಂತರು. ಪೂರ್ತಿ ನಿಷೇಧವೂ ಇಲ್ಲ ಅನ್ನುವ ಬಿ ಭಾಗಕ್ಕೆ ಹನ್ನೊಂದು ಜನ. ಇ ಬಂದಾಗ ಸರಿಯಾಗಿ ಅರ್ಧ, ಹುಡುಗರು ಹೇಳುವ 7-7 ಇದೇ. ಆ ಭಾಗದಲ್ಲಿ ಎರಡು ಮಾತು ಒಟ್ಟಿಗಿವೆ. ಬೆದರಿಕೆಯೂ ಬಳಕೆಯೂ ಸಾಮಾನ್ಯವಾಗಿ ಯುದ್ಧ ಕಾನೂನಿಗೆ ವಿರುದ್ಧ ಅನ್ನುವುದು ಮೊದಲನೆಯದು. ಒಂದು ದೇಶದ ಉಳಿವೇ ಪಣಕ್ಕಿಟ್ಟಂಥ ಆತ್ಮರಕ್ಷಣೆಯ ಕೊನೆ ಘಟ್ಟದಲ್ಲಿ ಕಾನೂನುಬದ್ಧವೋ ಅಲ್ಲವೋ ಖಚಿತವಾಗಿ ಹೇಳಲಾಗದು ಅನ್ನುವುದು ಎರಡನೆಯದು. ವೋಟು ಹಾಕಿದ್ದು ಎರಡಕ್ಕೂ ಸೇರಿಸಿ.

ಈಗ ಕೂತವರನ್ನು ಕೇಳಿದೆ: ಯಾಕೆ ಕೂತಿದ್ದೀರಿ? ವೀರಮಂತ್ರಿ, ಶಹಾಬುದ್ದೀನ್, ಕೊರೊಮಾ ಆಗಿದ್ದ ಮೂವರು ಪುಟ ನೋಡಿ ಹೇಳಿದರು: ನಮಗೆ ಆ ಕೊನೆ ಘಟ್ಟದ ವಿನಾಯಿತಿಯೇ ಬೇಡ. ಓಡಾ ಆದವನು, ಈ ಪ್ರಶ್ನೆಗೆ ಉತ್ತರಿಸಲೇಬಾರದಿತ್ತು ಅಂದ. ಹಿಗ್ಗಿನ್ಸ್ ಆದ ಹುಡುಗಿ, ಕೋರ್ಟು "ಹೇಳಲಾಗದು" ಅಂತ ಕೈ ಚೆಲ್ಲಬಾರದಿತ್ತು ಅಂದಳು. ಮೊದಲ ಮೂವರ ಕುರ್ಚಿ ಎತ್ತಿಸಿ ಆಚೆ ಕಡೆ ಹಾಕಿಸಿದೆ. ಹತ್ತು, ನಾಲ್ಕು. "ಸಾಮಾನ್ಯವಾಗಿ ಕಾನೂನುಬಾಹಿರ" ಅನ್ನುವ ಮಾತಿಗೆ ಕನಿಷ್ಠ ಹತ್ತು ಜನ ಇದ್ದಾರೆ ಅಂತ ಯಾರೂ ಹೇಳಿಕೊಡದೆಯೇ ಗೊತ್ತಾಯಿತು. ಈ ಹತ್ತು ನಮ್ಮ ಎಣಿಕೆ, ಕೋರ್ಟಿನದಲ್ಲ. ಪೀಠದ ಮುಂದೆ ಇದು ಕೋರ್ಟಿನದೇ ಎಣಿಕೆ ಅಂತ ಹೇಳಿದರೆ ನಂಬರ್ ಕಟ್.

ಬೆದರಿಕೆ ಅಂದರೆ ಏನು ಅಂತ ತಿಳಿಸೋಕೆ ಒಂದು ಸಂಜೆ ಬೇರೆ ಪ್ರಯೋಗ ಮಾಡಿದೆ. ಹಳೆ ಪೇಪರಿನಿಂದ ದೇಶಗಳ ಮುಖಂಡರ ಹೇಳಿಕೆಗಳನ್ನು ಕತ್ತರಿಸಿ, ಬೆದರಿಕೆ ಹೌದು, ಅಲ್ಲ ಅಂತ ಎರಡು ಗುಡ್ಡೆ ಮಾಡಿಸಿದೆ. ಮೊದಮೊದಲು ಎಲ್ಲವೂ ಬೆದರಿಕೆ ಗುಡ್ಡೆಗೇ ಬಿತ್ತು. ಆಮೇಲೆ 47, 48ನೇ ಪ್ಯಾರಾ ಓದಿಸಿದೆ. ಅಲ್ಲಿನ ಅಳತೆ ಸರಳ. ಯಾವ ಬಳಕೆ ಕಾನೂನುಬಾಹಿರವೋ, ಅದನ್ನು ಮಾಡಲು ಸಿದ್ಧ ಅಂತ ತೋರಿಸುವುದೂ ಕಾನೂನುಬಾಹಿರ. ಸುಮ್ನೆ ಬಾಂಬ್ ಇಟ್ಟುಕೊಂಡಿದ್ದರೆ ಸಾಲದು. ಆ ಬಳಕೆ ಇನ್ನೊಂದು ದೇಶದ ಗಡಿ, ಸ್ವಾತಂತ್ರ್ಯದ ಮೇಲೆ ಹೋಗುತ್ತಾ, ಅಥವಾ ಆತ್ಮರಕ್ಷಣೆಗೆ ಬೇಕಾದಷ್ಟನ್ನು ಮೀರುತ್ತಾ ಅಂತ ನೋಡಬೇಕು. ಅಣ್ವಸ್ತ್ರ ತೋರಿಸಿ ಶತ್ರುವನ್ನು ತಡೆಯುವ ನೀತಿ ಸರಿಯೋ ತಪ್ಪೋ ಅಂತ ತೀರ್ಪು ಕೊಡಲು ಕೋರ್ಟ್ 67ನೇ ಪ್ಯಾರಾದಲ್ಲಿ ಒಪ್ಪಲಿಲ್ಲ. ಭಿನ್ನಮತ ಬರೆದ ಶ್ವೆಬೆಲ್ ಅವರಂತೂ 1991ರ ಜನವರಿಯಲ್ಲಿ ಜಿನೀವಾದಲ್ಲಿ ಅಮೆರಿಕ ಇರಾಕಿಗೆ ಕೊಟ್ಟ ಎಚ್ಚರಿಕೆಯನ್ನು ಉದಾಹರಣೆ ಹಿಡಿದು, ಇಂಥ ಬೆದರಿಕೆಯಿಂದ ಇರಾಕ್ ರಾಸಾಯನಿಕ ಅಸ್ತ್ರ ಬಳಸುವುದು ನಿಂತಿತು ಅನ್ನಬಹುದು, ಇದು ಹೇಗೆ ತಪ್ಪು ಅಂತ ವಾದಿಸಿದ್ದಾರೆ. ಅಣ್ವಸ್ತ್ರ ಇರುವ ರಾಷ್ಟ್ರದ ಪರ ವಾದಿಸುವವರಿಗೆ ಅದಕ್ಕಿಂತ ಒಳ್ಳೆ ಸಾಮಗ್ರಿ ಸಿಗಲ್ಲ.

ಪ್ರಸರಣ ತಡೆ ಒಪ್ಪಂದದ ಕೊಡುಕೊಳ್ಳುವಿಕೆ ತಲೆಗೆ ಹೋಗಿದ್ದು ಕಬ್ಬಿನಿಂದ. ನಮ್ಮ ಕಡೆ ಹುಡುಗರಿಗೆ ಕಬ್ಬಿನ ಕರಾರು ಬೇರೆ ಹೇಳಿಕೊಡಬೇಕಿಲ್ಲ. ರೈತ ಕಬ್ಬು ಕಡಿದು ಇಂಥ ದಿನ ಸಾಗಿಸಿಬಿಟ್ಟ. ಕಾರ್ಖಾನೆಯವರು ಬಾಕಿ ಹಣ "ಆದಷ್ಟು ಬೇಗ" ಅಂದರು, ತಾರೀಖು ಬರೆಯಲಿಲ್ಲ. 1968ರ ಒಪ್ಪಂದವೂ ಹಾಗೇ ಇದೆ. 1967ರ ಜನವರಿ 1ಕ್ಕೆ ಮೊದಲು ಬಾಂಬ್ ಸ್ಫೋಟಿಸಿದ ಐದು ದೇಶ ಅಣ್ವಸ್ತ್ರ ರಾಷ್ಟ್ರ. ಉಳಿದವರು ಬಾಂಬ್ ಮಾಡುವುದಿಲ್ಲ ಅಂತ ಬರೆದುಕೊಟ್ಟು ತಪಾಸಣೆಗೂ ಬಾಗಿಲು ತೆಗೆದರು. ಬದಲಿಗೆ ಸಿಕ್ಕಿದ್ದು ಶಾಂತಿಯುತ ಅಣುಶಕ್ತಿಯ ಹಕ್ಕು, ಮತ್ತು ಆರನೇ ವಿಧಿಯ ಮಾತು: ನಿಶ್ಶಸ್ತ್ರೀಕರಣಕ್ಕೆ ಪ್ರಾಮಾಣಿಕವಾಗಿ ಮಾತುಕತೆ ನಡೆಸುತ್ತೇವೆ. ಅಲ್ಲೂ ತಾರೀಖಿಲ್ಲ. ಮೊದಲು ಇಪ್ಪತ್ತೈದು ವರ್ಷಕ್ಕಿದ್ದ ಕರಾರನ್ನು 1995ರ ಮೇನಲ್ಲಿ ಅನಿರ್ದಿಷ್ಟ ಕಾಲಕ್ಕೆ ಮುಂದುವರಿಸಿದರು. ಪಟ್ಟು ಹಿಡಿಯೋಕೆ ಇದ್ದ ದೊಡ್ಡ ಅವಕಾಶ ಆಗ ಕೈತಪ್ಪಿತು ಅಂತ ನನ್ನ ಅಭಿಪ್ರಾಯ.

ಇಲ್ಲಿ ಎಫ್ ಭಾಗ ಓದುತ್ತೇನೆ. ಹದಿನಾಲ್ಕೂ ಜನ ಎದ್ದರು. ಮಾತುಕತೆ ನಡೆಸುವುದಷ್ಟೇ ಅಲ್ಲ, ಮುಗಿಸಲೂಬೇಕು ಅಂತ ಕೋರ್ಟ್ ಅಂದಿತು. 98ನೇ ಪ್ಯಾರಾ ನೋಡಿದರೆ ಯಾಕೆ ಅಂತ ತಿಳಿಯುತ್ತೆ. ಬಾಂಬಿನ ಕಾನೂನು ಸ್ಥಾನದ ಬಗ್ಗೆ ಭಿನ್ನಮತ ಹೀಗೇ ಉಳಿದರೆ ಕಾನೂನಿಗೇ ಪೆಟ್ಟು, ಅದಕ್ಕೆ ಬಹುಕಾಲದಿಂದ ಮಾತು ಕೊಟ್ಟ ನಿಶ್ಶಸ್ತ್ರೀಕರಣವೇ ದಾರಿ ಅಂತ ಅಲ್ಲಿದೆ. ಇ ಭಾಗದಲ್ಲಿ ಬಿಟ್ಟ ತೂತಿಗೆ ತೇಪೆ ಎಫ್‌ನಲ್ಲಿದೆ. ನಮ್ಮವರಲ್ಲಿ ಜಾಸ್ತಿ ಜನ ಇವೆರಡನ್ನೂ ಬೇರೆ ಬೇರೆ ದಿನ ಪಾಠ ಮಾಡ್ತಾರೆ, ಅಲ್ಲೇ ಕೆಡೋದು.

ಆಮೇಲಿನ ಸ್ಪರ್ಧೆ ಮೈಸೂರಿನಲ್ಲಿ. ಬಸ್ ಚಾರ್ಜು, ಊಟ ನನ್ನ ಜೇಬಿನದೇ. ಪೀಠದಿಂದ ಅದೇ ಹಳೇ ಪ್ರಶ್ನೆ ಬಂತು: ಸಹಿ ಹಾಕದ ಭಾರತಕ್ಕೇನು? ಹಿಗ್ಗಿನ್ಸ್ ಆಗಿದ್ದ ಹುಡುಗಿ ಎದ್ದಳು. ಎಫ್ ಭಾಗ ಒಪ್ಪಂದದ ಹೆಸರೇ ಎತ್ತುವುದಿಲ್ಲ ಸ್ವಾಮಿ, ಅದಕ್ಕೇ ಮಾರ್ಷಲ್ ದ್ವೀಪಗಳು 2014ರಲ್ಲಿ ಸಹಿ ಇಲ್ಲದೆಯೂ ದೇಶಗಳಿಗೆ ಅನ್ವಯಿಸುವ ರೂಢಿ ಕಾನೂನಿನ ಆಧಾರದ ಮೇಲೆ ಭಾರತವನ್ನೂ ಕೋರ್ಟಿಗೆಳೆದವು ಅಂದಳು. 2016ರಲ್ಲಿ ಕೇಸು ಬಿದ್ದಿದ್ದು 9-7ರಲ್ಲಿ, ಇಬ್ಬರ ನಡುವೆ ವ್ಯಾಜ್ಯವೇ ಹುಟ್ಟಿಲ್ಲ ಅನ್ನುವ ಕಾರಣಕ್ಕೆ. ಹೊಣೆ ಇದೆಯೋ ಇಲ್ಲವೋ ಅನ್ನುವುದನ್ನು ಕೋರ್ಟ್ ಮುಟ್ಟಲೇ ಇಲ್ಲ ಅಂತಲೂ ಸೇರಿಸಿದಳು. ಪೀಠದಲ್ಲಿದ್ದವರು ಪೆನ್ನು ಕೆಳಗಿಟ್ಟು ಕೇಳಿದರು.

ನಾವು ಸೆಮಿಫೈನಲ್‌ವರೆಗೆ ಹೋದೆವು. ಮಂಡ್ಯದ ತಂಡ ಅಲ್ಲಿವರೆಗೆ ಹೋಗಿದ್ದು ಅದೇ ಮೊದಲು. ಬಾರ್‌ನ ಆ ಹಿರಿಯರು ಈ ವರ್ಷ ಒಂದು ಕುರ್ಚಿ ತಮಗೂ ಇರಲಿ ಅಂದಿದ್ದಾರೆ. ನ್ಯಾಯಾಧೀಶ ಗಿಯೋಮ್ ಅವರ ಪುಟ ಕೊಡೋಣ ಅಂತಿದ್ದೇನೆ.