ಕನ್ನಡ ನೆನಪೋಲೆ ಎರಡು ಎಸ್‌ಎಂಎಸ್ ಆಗುವುದು ಎಲ್ಲಿ

ಗ್ರಂಥಾಲಯದ ಪುಸ್ತಕ ಹಿಂದಿರುಗಿಸಲು ದಿನಾ ಬೆಳಿಗ್ಗೆ ಕ್ರಾನ್‌ನಿಂದ ಹೋಗುವ ಎಸ್‌ಎಂಎಸ್ ಒಂದನ್ನು ತೆಗೆದುಕೊಳ್ಳೋಣ. ಇಂಗ್ಲಿಷ್ ಪಠ್ಯ ಹೀಗಿದೆ:

```
Please return or renew your library book by 12-08-2025. Library
```

ಇದು 63 ಅಕ್ಷರ. ಅದನ್ನೇ ಕನ್ನಡದಲ್ಲಿ ಬರೆದರೆ:

```
ನೀವು ಪಡೆದ ಪುಸ್ತಕವನ್ನು 12-08-2025ರೊಳಗೆ ಹಿಂದಿರುಗಿಸಿ ಇಲ್ಲವೇ ನವೀಕರಿಸಿ. ಗ್ರಂಥಾಲಯ
```

ಕಣ್ಣಿಗೆ ಕಾಣುವ ಅಕ್ಷರ, ಅಂಕಿ, ಚಿಹ್ನೆ, ಜಾಗಗಳನ್ನು ಎಣಿಸಿದರೆ 48. ಎಸ್‌ಎಂಎಸ್ ಎಣಿಸುವುದು ಮಾತ್ರ ಯೂನಿಕೋಡ್ ಸಂಕೇತಗಳನ್ನು. ‘ಗ್ರಂ’ ನಮಗೆ ಒಂದು ಅಕ್ಷರ, ಅಲ್ಲಿ ಗ, ಹಲಂತ ಚಿಹ್ನೆ, ರ, ಸೊನ್ನೆ ಎಂದು ನಾಲ್ಕು. ಹೀಗೆ ಒಟ್ಟು 75 ಆಗುತ್ತದೆ.

63ಕ್ಕೂ 75ಕ್ಕೂ ದೊಡ್ಡ ಅಂತರವಿಲ್ಲ. ತೊಡಕು ಇರುವುದು ಸಿಗುವ ಜಾಗದಲ್ಲಿ. ಒಂದು ಎಸ್‌ಎಂಎಸ್‌ಗೆ 140 ಬೈಟ್ ಮಾತ್ರ. ಇಂಗ್ಲಿಷ್ ಪಠ್ಯ ಜಿಎಸ್‌ಎಂನ 7 ಬಿಟ್ ಪಟ್ಟಿಯಲ್ಲಿ ಹೋಗುವುದರಿಂದ 160 ಅಕ್ಷರ ಹಿಡಿಸುತ್ತದೆ. ಆ ಪಟ್ಟಿಯಲ್ಲಿ ಕನ್ನಡವಿಲ್ಲ. ಒಂದೇ ಒಂದು ಕನ್ನಡ ಅಕ್ಷರ ಸೇರಿದರೂ ಅಂಕಿ, ಜಾಗಗಳ ಸಮೇತ ಇಡೀ ಸಂದೇಶ ಯುಸಿಎಸ್-2ಕ್ಕೆ ಹೊರಳುತ್ತದೆ. ಅಲ್ಲಿ ಪ್ರತಿ ಸಂಕೇತಕ್ಕೂ 2 ಬೈಟ್, ಅಂದರೆ ಮಿತಿ 70. ರೂಪಾಯಿ ಚಿಹ್ನೆಯೂ ಆ ಪಟ್ಟಿಯಲ್ಲಿಲ್ಲದ ಕಾರಣ ಇಂಗ್ಲಿಷ್ ಸಂದೇಶಕ್ಕೂ ಇದೇ ಗತಿ ಬರುತ್ತದೆ. 70 ದಾಟಿದರೆ ತುಂಡುಗಳನ್ನು ಜೋಡಿಸುವ ಮಾಹಿತಿಗೆ ಪ್ರತಿ ತುಂಡಿನಲ್ಲೂ 6 ಬೈಟ್ ಹೋಗಿ, ತುಂಡಿಗೆ 67 ಮಾತ್ರ ಉಳಿಯುತ್ತದೆ. ನಮ್ಮ 75 ಎರಡು ಎಸ್‌ಎಂಎಸ್ ಆಗುತ್ತದೆ, ಲೆಕ್ಕವೂ ಎರಡರದ್ದೇ. 3ಜಿಪಿಪಿ ಮಾನದಂಡದಲ್ಲಿ ಕನ್ನಡಕ್ಕೂ 7 ಬಿಟ್ ಪಟ್ಟಿ ಇದೆ, ನಿಜ. ಆದರೆ ಗೇಟ್‌ವೇಯಿಂದ ಮೊಬೈಲ್‌ವರೆಗೆ ಎಲ್ಲರೂ ಅದನ್ನು ಒಪ್ಪಬೇಕು. ಅದನ್ನು ನಂಬಿ ನಾನು ಲೆಕ್ಕ ಹಾಕುವುದಿಲ್ಲ.

ಇಂಗ್ಲಿಷ್‌ಗೆಂದು ಬರೆದ ಸ್ಕ್ರಿಪ್ಟ್‌ನಲ್ಲಿ ಸಾಮಾನ್ಯವಾಗಿ 160ರ ತಪಾಸಣೆ ಇರುತ್ತದೆ. 75 ಆ ತಪಾಸಣೆಯಲ್ಲಿ ಸಲೀಸಾಗಿ ಪಾಸಾಗುವುದರಿಂದ ಲಾಗ್‌ನಲ್ಲಿ ದೋಷವೇ ಕಾಣುವುದಿಲ್ಲ. ಯುಟಿಎಫ್-8 ಬೈಟ್ ಎಣಿಸಿದರೂ ಉತ್ತರ ತಪ್ಪು: ಅಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್, ಈ ಸಂದೇಶ 189 ಬೈಟ್. ಎಣಿಸಬೇಕಾದ್ದು ಯುಟಿಎಫ್-16 ಘಟಕಗಳನ್ನು.

ಮೊದಲ ಕತ್ತರಿ ‘ನೀವು’ ಪದಕ್ಕೆ. ಜಾಗವೂ ಸೇರಿ 5 ಇಳಿದು ಸರಿಯಾಗಿ 70ಕ್ಕೆ ನಿಲ್ಲುತ್ತದೆ. ಇಲ್ಲಿಗೆ ಮುಗಿಯಿತೆಂದುಕೊಂಡರೆ ಮೋಸ. ಪಠ್ಯವನ್ನು ಫೈಲ್‌ನಿಂದ ಓದಿದಾಗ ಕೊನೆಯ ಸಾಲುಮುರಿತವೂ ಬಂದರೆ 71. ಫೈಲ್‌ನ ತಲೆಯಲ್ಲಿ ಬಿಒಎಂ ಗುರುತು ಕೂತಿದ್ದರೂ 71, ಅದನ್ನು `strip()` ತೆಗೆಯುವುದಿಲ್ಲ. ಇನ್ನೊಂದು ಕಳ್ಳ ಹೆಚ್ಚಳ ಕೆಲವು ಸ್ವರ ಚಿಹ್ನೆಗಳಲ್ಲಿದೆ. ಯೂನಿಕೋಡ್‌ನಲ್ಲಿ ‘ೀ’, ‘ೇ’, ‘ೊ’ ತಲಾ ಒಂದೇ ಸಂಕೇತವಾಗಿಯೂ ಇರಬಹುದು, ಎರಡು ತುಂಡಾಗಿಯೂ ಇರಬಹುದು. ತೆರೆಯ ಮೇಲೆ ಎರಡೂ ಒಂದೇ. ಬಿಡಿಸಿದ ರೂಪದಲ್ಲಿ ಬಂದರೆ ನಮ್ಮ 70 ಸಂಕೇತಗಳ ಪಠ್ಯ 73 ಆಗುತ್ತದೆ. ‘ೋ’ ಬಂದರಂತೂ ಒಂದಕ್ಕೆ ಮೂರು. ಆದ್ದರಿಂದ ಕಳುಹಿಸುವ ಮುನ್ನ ಕೂಡಿಸಿದ ರೂಪಕ್ಕೆ ತರಬೇಕು:

```python
import unicodedata

def parts(s):
    s = s.replace("\ufeff", "")
    s = unicodedata.normalize("NFC", s).strip()
    n = len(s.encode("utf-16-be")) // 2
    return s, n, 1 if n <= 70 else -(-n // 67)
```

ಇದು ಕನ್ನಡ ಸಂದೇಶಕ್ಕೆ ಮಾತ್ರ. ‘ಸಾಫ್ಟ್‌ವೇರ್’ ಥರದ ಪದದೊಳಗಿನ ಕಾಣದ ಝಡ್‌ಡಬ್ಲ್ಯೂಎನ್‌ಜೆ ಕೂಡ ಒಂದು ಎಣಿಕೆ. ಅದನ್ನು ಕಣ್ಣುಮುಚ್ಚಿ ಅಳಿಸಿದರೆ ಒತ್ತಕ್ಷರ ಕೆಡುತ್ತದೆ; ಬೇರೆ ಪದ ಹುಡುಕುವುದೇ ಲೇಸು.

ಮುಂದಿನ ಕತ್ತರಿ ಇಸವಿಗೆ. ಹದಿನೈದು ದಿನದ ಸಾಲಕ್ಕೆ 12-08 ಸಾಕು, 65ಕ್ಕೆ ಇಳಿಯುತ್ತದೆ. ಆಗ ಸದಸ್ಯರ ಹೆಸರು ಸೇರಿಸೋಣ ಎಂಬ ಆಸೆ ಹುಟ್ಟುತ್ತದೆ. ‘ರವಿ, ’ ಎಂದರೆ 5, ಒಟ್ಟು 70, ಹಿಡಿಸಿತು. ‘ಕೃಷ್ಣಮೂರ್ತಿ, ’ ಎಂದರೆ 13, ಒಟ್ಟು 78. ಒಂದೇ ಪಠ್ಯ ಕೆಲವರಿಗೆ ಒಂದು, ಕೆಲವರಿಗೆ ಎರಡು ಎಸ್‌ಎಂಎಸ್ ಆಗುವುದು ಹೀಗೆ. ಪರೀಕ್ಷೆಗೆ ಚಿಕ್ಕ ಹೆಸರು ಹಾಕಿ ನೋಡಿದರೆ ಇದು ಎಂದೂ ಗೊತ್ತಾಗದು. ಡೇಟಾಬೇಸ್‌ನಲ್ಲಿರುವ ಎಲ್ಲ ಹೆಸರುಗಳನ್ನೂ ಪಠ್ಯಕ್ಕೆ ಸೇರಿಸಿ `parts` ಮೂಲಕ ಓಡಿಸಿ ಗರಿಷ್ಠ ಎಷ್ಟೆಂದು ತೆಗೆಯಬೇಕು. ನನ್ನ ಮಟ್ಟಿಗೆ ಹೆಸರು ಕೈಬಿಟ್ಟು ತಾರೀಕು ಸ್ಪಷ್ಟವಾಗಿ ಕೊಡುವುದೇ ಓದುಗರಿಗೆ ಉಪಕಾರ.

ಈ ಲೆಕ್ಕ ಡಿಎಲ್‌ಟಿ ನೋಂದಣಿಗೆ ಮೊದಲೇ ಆಗಬೇಕು. ಭಾರತದಲ್ಲಿ ಇಂಥ ಸಂದೇಶದ ಟೆಂಪ್ಲೇಟ್ ಮೊದಲು ನೋಂದಾಯಿಸಿ, ಅದಕ್ಕೆ ಹೊಂದುವ ಪಠ್ಯವನ್ನೇ ಕಳುಹಿಸಬೇಕು. ಆಮೇಲೆ ಒಂದು ಪದ ಕತ್ತರಿಸಿದರೂ ಮತ್ತೆ ನೋಂದಣಿ. ಕೂಡಿಸಿದ ರೂಪದ ಪಠ್ಯವನ್ನೇ ಅಲ್ಲೂ ಕೊಡಿ.

ಎರಡು ತುಂಡು ಅನಿವಾರ್ಯವಾದರೆ 134ರವರೆಗೆ ಜಾಗವಿದೆ. ಆಗ ಹೆಸರನ್ನೂ ದೂರವಾಣಿ ಸಂಖ್ಯೆಯನ್ನೂ ಧಾರಾಳವಾಗಿ ಸೇರಿಸಬಹುದು. ಕಳುಹಿಸಿ ನೋಡಿದಾಗ ಮೊಬೈಲ್‌ನಲ್ಲಿ ಎರಡು ಬೇರೆ ಸಂದೇಶಗಳಾಗಿ ಬಂದು, ಎರಡನೆಯದು ಚುಕ್ಕಿವೃತ್ತದ ಮೇಲೆ ಕೂತ ಗುಣಿತ ಚಿಹ್ನೆಯಿಂದ ಶುರುವಾದರೆ, ಜೋಡಣೆಯ ಮಾಹಿತಿ ಹಾಕದೆ ಅಕ್ಷರದ ನಡುವೆ ಮುರಿದಿದ್ದಾರೆ ಎಂದರ್ಥ. ಅದನ್ನು ಗೇಟ್‌ವೇ ಕಡೆಯೇ ಸರಿಪಡಿಸಬೇಕು.