ಅಜ್ಜಿಯ ಇಳಕಲ್ ಸೀರೆ, ಶನಿವಾರದ ಕುರ್ತಾ: ನನ್ನ ಅನುಭವ

ಧಾರವಾಡದ ನಮ್ಮ ಪಿಯು ಕಾಲೇಜಿನಲ್ಲಿ ಐದು ದಿನ ಸಮವಸ್ತ್ರ, ಶನಿವಾರ ಮಾತ್ರ ಬಣ್ಣದ ಉಡುಪು. ಅದಕ್ಕೂ ಕಟ್ಟಳೆಗಳಿವೆ: ಕುರ್ತಾ ಮೊಣಕಾಲಿನ ಕೆಳಗೆ ಬರಬೇಕು, ತೋಳು ಮೊಣಕೈವರೆಗಿರಬೇಕು, ಜೀನ್ಸ್ ಕೂಡದು. ನನ್ನ ಕೈಖರ್ಚಿಗೆ ತಿಂಗಳಿಗೆ ನಾನೂರು ರೂಪಾಯಿ ಸಿಗುತ್ತದೆ. ಮೊದಲ ವರ್ಷ ಸಂತೆಯಲ್ಲಿ ಸುಮಾರು ಮುನ್ನೂರೈವತ್ತರ ಎರಡು ಕುರ್ತಾ ಕೊಂಡೆ. ಎರಡೂ ನಾಲ್ಕನೆಯ ಒಗೆತಕ್ಕೇ ಬಣ್ಣಗೆಟ್ಟವು. ಮೇಲಾಗಿ ತರಗತಿಯಲ್ಲಿ ಇನ್ನೂ ಮೂವರು ಅದೇ ಕುರ್ತಾ ತೊಟ್ಟಿದ್ದರು.

ಆಗ ಅಜ್ಜಿಯ ಎಂಟು ಗಜದ ಹತ್ತಿಯ ಇಳಕಲ್ ಸೀರೆಯನ್ನು ಕೇಳಿ ಪಡೆದೆ. "ಹಳೇ ಸೀರಿ ಕತ್ತರಿಸಿದರ ಕೌದಿ ಆಗತದ, ಕುರ್ತಾ ಆಗಂಗಿಲ್ಲವಾ" ಎಂದು ಅವ್ವ ನಕ್ಕಳು. ಮೊದಲನೆಯ ಕುರ್ತಾ ನಿಜಕ್ಕೂ ಕೆಟ್ಟಿತು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸುನೂಲನ್ನೂ ಸೆರಗಿನ ಹಾಸುನೂಲನ್ನೂ ಕೊಂಡಿ ಹಾಕಿ ಜೋಡಿಸಿರುತ್ತಾರೆ. ಕೆಂಪು ಸೆರಗು ಎದೆಯ ಮೇಲೆ ಬರಲೆಂಬ ಆಸೆಯಿಂದ ನಾನು ಆ ಕೊಂಡಿಗೆ ಬೆರಳಗಲದಷ್ಟು ಹತ್ತಿರವೇ ಕತ್ತರಿ ಹಾಕಿದ್ದೆ. ಮೊದಲ ಒಗೆತದಲ್ಲೇ ಅಲ್ಲಿನ ಗಿಡ್ಡ ಎಳೆಗಳು ಜಾರಿ, ಹೊಲಿಗೆಯುದ್ದಕ್ಕೂ ಬಾಯಿ ಬಿಟ್ಟುಕೊಂಡವು. ಈಗ ಕೊಂಡಿಯ ಎರಡೂ ಬದಿಗೆ ಮೂರು ಬೆರಳಗಲ ಬಟ್ಟೆ ಬಿಟ್ಟು, ಕತ್ತರಿಸುವ ಮೊದಲೇ ಎರಡು ಸಾಲು ಮಷಿನ್ ಹೊಲಿಗೆ ಹಾಕಿಕೊಳ್ಳುತ್ತೇನೆ.

ಎರಡನೆಯದರಲ್ಲಿ ನೇಯ್ಗೆಯ ಅಂಚನ್ನೇ ಕುರ್ತಾದ ಕೆಳಗಂಚಾಗಿಸಿದೆ. ಆಗ ಸೀರೆಯ ಅಗಲವೇ ಕುರ್ತಾದ ಉದ್ದವಾಗುವುದರಿಂದ ನನ್ನ ನಲವತ್ತೆರಡು ಇಂಚಿಗೆ ಅದು ಸಾಕಾಯಿತು, ಕೆಳಗೆ ಮಡಚಿ ಹೊಲಿಯುವ ಕೆಲಸವೂ ಉಳಿಯಿತು. ಆದರೆ ಕೆಳಗೆ ಅಗಲವಾಗಲೆಂದು ಬದಿಯನ್ನು ಓರೆಯಾಗಿ ಕತ್ತರಿಸಿದ್ದರಿಂದ, ನೇರವಾದ ಅಂಚು ಎರಡೂ ಮೂಲೆಗಳಲ್ಲಿ ಜೋತುಬಿತ್ತು. ಮೂರನೆಯದನ್ನು ನೆಟ್ಟಗೆ ಕತ್ತರಿಸಿ, ನಡೆಯಲು ಬರುವಂತೆ ಮೊಣಕಾಲಿಗಿಂತ ನಾಲ್ಕು ಬೆರಳು ಮೇಲಿನಿಂದ ಸೀಳು ಬಿಟ್ಟೆ, ಅದು ಕೂತಿತು. ಅಳತೆಗೆ, ಮೈಗೊಪ್ಪುವ ಹಳೆಯ ಕುರ್ತಾವನ್ನು ಒಳಮೇಲು ಮಾಡಿ ಹಾಸಿ, ಸುತ್ತಲೂ ಒಂದಿಂಚು ಬಿಟ್ಟು ಗುರುತು ಹಾಕಿದ್ದೇನೆ. ಕೊರಳಪಟ್ಟಿ ಮುದುಡದಂತೆ ಕೂರಿಸಿದ್ದು ಹೇಗೆಂಬುದನ್ನು ಮಾತ್ರ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಕತ್ತರಿಸುವ ಮುನ್ನ ಸೀರೆಯನ್ನು ಕಿಟಕಿಯ ಬೆಳಕಿಗೆ ಹಿಡಿಯಲೇಬೇಕು. ನಿರಿಗೆ ಸಿಕ್ಕಿಸುತ್ತಿದ್ದ ಜಾಗ ಜಾಳಾಗಿರುತ್ತದೆ. ಎರಡು ಹೆಬ್ಬೆರಳಿನಿಂದ ಜಗ್ಗಿದಾಗ ಎಳೆ ಬಿಟ್ಟುಕೊಂಡರೆ ಆ ಭಾಗ ಕಂಕುಳಿಗೂ ತೋಳಿಗೂ ಬರಬಾರದು. ಹಾಗೆ ತೆಗೆದ ಮೇಲೂ ಒಂದು ಸೀರೆಯಿಂದ, ಕೆಟ್ಟದ್ದೂ ಸೇರಿ, ಮೂರು ಕುರ್ತಾದ ಬಟ್ಟೆ ದೊರೆಯಿತು.

ಈ ನಡುವೆ, ಮಾಸಿದ ಬಿಳಿ ದುಪಟ್ಟಾವನ್ನು ದಾಳಿಂಬೆ ಸಿಪ್ಪೆ, ಪಟಿಕ ಹಾಕಿ ಕುದಿಸಿದೆ. ಒಳ್ಳೆಯ ಸಾಸಿವೆಹೂವಿನ ಹಳದಿ ಬರಬಹುದೆಂದುಕೊಂಡಿದ್ದರೆ ಹಳೆಯ ಕಾಗದದ ಬಣ್ಣ ಬಂತು. ಈಗ ಅದೇ ನನಗೆ ಹೆಚ್ಚು ಇಷ್ಟ.

ಮೂರನೆಯ ಕುರ್ತಾಕ್ಕೆ ದಾರ, ಕೊರಳಪಟ್ಟಿಯ ಬಟ್ಟೆ, ಟೇಲರ್ ಕಾಕಾನ ಬಳಿ ಒಳಗಂಚಿನ ಓವರ್‌ಲಾಕ್ ಎಲ್ಲ ಸೇರಿ ತೊಂಬತ್ತು ರೂಪಾಯಿಯ ಆಸುಪಾಸು ಖರ್ಚಾಯಿತು. ಹೊಲಿಗೆ ಅವ್ವನ ಮಷಿನ್ನಿನಲ್ಲೇ. ಶನಿವಾರ ಬಾಗಿಲಲ್ಲಿ ಉಡುಪು ನೋಡುವ ಮೇಡಂ ಸೀಳನ್ನು ಒಮ್ಮೆ, ಅಂಚನ್ನು ಎರಡು ಸಲ ನೋಡಿ, ಎಲ್ಲಿ ಹೊಲಿಸಿದ್ದೆಂದು ಕೇಳಿದರು. ಅವ್ವ ಈಗ ತನ್ನದೊಂದು ಸೀರೆಯನ್ನು ಮಷಿನ್ನಿನ ಮೇಲೆ ಇಟ್ಟಿದ್ದಾಳೆ.