ಮಾರ್ಕೆಟಿಂಗ್ ಕ್ವಿಜ್: ಮುಕ್ಕಾಲು ನಿಜ ಹೇಳುವ ವಾಕ್ಯಗಳು

ಮಾರ್ಕೆಟಿಂಗ್ ಕ್ವಿಜ್‌ನ ಸರಿ-ತಪ್ಪು ಪ್ರಶ್ನೆಗಳಲ್ಲಿ ಶುದ್ಧ ಸುಳ್ಳು ಸಿಗುವುದು ಕಡಿಮೆ. ಮುಕ್ಕಾಲು ಭಾಗ ನಿಜವಿದ್ದು ಕೊನೆಯಲ್ಲಿ ಕೈಕೊಡುವ ವಾಕ್ಯಗಳೇ ಹೆಚ್ಚು. ಹಾಗಾಗಿ ‘ಮತ್ತು’, ‘ಆದ್ದರಿಂದ’, ‘ಏಕೆಂದರೆ’ ಬಂದಲ್ಲೆಲ್ಲ ನಾನು ಪೆನ್ಸಿಲ್ ಗೆರೆ ಎಳೆದು ವಾಕ್ಯವನ್ನು ತುಂಡು ಮಾಡುತ್ತೇನೆ. ಒಂದು ತುಂಡು ತಪ್ಪಿದರೂ ಉತ್ತರ ‘ತಪ್ಪು’.

ಒಂದು ವಾಕ್ಯ ನೋಡಿ: ‘ಶಿರಸಿಯ ಅಂಗಡಿಯವರು 200 ರೂಪಾಯಿಗೆ ತಂದ ಅಪ್ಪೆಮಿಡಿ ಉಪ್ಪಿನಕಾಯಿ ಬಾಟಲಿಯನ್ನು 250ಕ್ಕೆ ಮಾರಿದರೆ 50 ರೂಪಾಯಿ ಉಳಿಯುತ್ತದೆ, ಆದ್ದರಿಂದ ಅವರ ಮಾರ್ಜಿನ್ ಶೇ. 25.’ ಮೊದಲ ತುಂಡು ಸರಿ. ಎರಡನೆಯದು ತಪ್ಪು, ಯಾಕೆಂದರೆ ಮಾರ್ಜಿನ್ ಲೆಕ್ಕ ಹಾಕುವುದು ಮಾರಿದ ಬೆಲೆಯ ಮೇಲೆ: 250ರಲ್ಲಿ 50, ಅಂದರೆ ಶೇ. 20. ಶೇ. 25 ಬರುವುದು ತಂದ ಬೆಲೆಯ ಮೇಲೆ ಲೆಕ್ಕ ಹಾಕಿದಾಗ, ಅದು ಮಾರ್ಕ್‌ಅಪ್. ಆದರೆ ಮಾರ್ಕ್‌ಅಪ್ಪನ್ನೂ ಕೆಲವರು ಮಾರಾಟ ಬೆಲೆಯ ಮೇಲೆ ಹೇಳುವುದುಂಟು. ಅದಕ್ಕೇ ಕ್ವಿಜ್‌ನಲ್ಲಿ ಮಾರ್ಕ್‌ಅಪ್‌ನ ವ್ಯಾಖ್ಯೆ ಕೇಳಿದರೆ ‘ತಂದ ಬೆಲೆಯ ಶೇಕಡಾವಾರು’ ಎಂದು ಬಿಡಿಸಿ ಬರೆಯುವುದು ಒಳ್ಳೆಯದು. ‘ಲಾಭದ ಶೇಕಡಾವಾರು’ ಎಂದಷ್ಟೇ ಬರೆದರೆ ಯಾವುದರ ಮೇಲೆ ಎಂಬ ಪ್ರಶ್ನೆ ಉಳಿಯುತ್ತದೆ.

ವ್ಯಾಖ್ಯೆಗೆ ನನ್ನ ಪರೀಕ್ಷೆ ಒಂದೇ: ಬರೆದ ಸಾಲು ಪಕ್ಕದ ಪರಿಕಲ್ಪನೆಗೂ ಹೊಂದುತ್ತದೆಯೇ? ‘ಡಿಮ್ಯಾಂಡ್ ಎಂದರೆ ಜನರಿಗೆ ಒಂದು ವಸ್ತು ಬೇಕೆನಿಸುವುದು’ ಎಂದು ಬರೆದರೆ ಅದು ವಾಂಟ್‌ಗೂ ಹೊಂದುತ್ತದೆ, ಅಲ್ಲಿಗೆ ಅಂಕ ಹೋಯಿತು. ಹಸಿವು ನೀಡ್, ಅಂದರೆ ಮೂಲ ಅಗತ್ಯ. ಆ ಹಸಿವಿಗೆ ಕಾರವಾರದವರು ಮೀನು ಸಾರು ಅನ್ನ ಬಯಸಬಹುದು, ಶಿರಸಿಯ ಹವ್ಯಕರ ಮನೆಯವರು ತಂಬುಳಿ ಅನ್ನ ಬಯಸಬಹುದು. ಊರು, ರೂಢಿ ರೂಪ ಕೊಟ್ಟ ಆ ಬಯಕೆ ವಾಂಟ್. ಕೊಳ್ಳಲು ಹಣವೂ ಮನಸ್ಸೂ ಜೊತೆಗಿದ್ದರೆ ಡಿಮ್ಯಾಂಡ್. ಹಾಗಾಗಿ ಉತ್ತರ: ‘ಕೊಳ್ಳುವ ಸಾಮರ್ಥ್ಯ ಮತ್ತು ಸಿದ್ಧತೆ ಎರಡೂ ಇರುವ ಬಯಕೆ.’ ಉದಾಹರಣೆ ಬೇಕಿದ್ದರೆ ವ್ಯಾಖ್ಯೆ ಮುಗಿದ ಮೇಲೆ ಕೊಡಿ, ವ್ಯಾಖ್ಯೆಯ ಬದಲಿಗೆ ಬೇಡ. ಈ ಮೂರರ ಗೆರೆ ಗೊತ್ತಿದ್ದರೆ ‘ಮಾರ್ಕೆಟಿಂಗ್ ಮೂಲ ಅಗತ್ಯಗಳನ್ನು ಸೃಷ್ಟಿಸುತ್ತದೆ’ ಎಂಬುದೂ ತಪ್ಪೆಂದು ತಕ್ಷಣ ಹೊಳೆಯುತ್ತದೆ. ಹಸಿವು ಜಾಹೀರಾತಿಗಿಂತ ಮೊದಲೇ ಇತ್ತು; ಮಾರ್ಕೆಟಿಂಗ್ ಪ್ರಭಾವ ಬೀರುವುದು ವಾಂಟ್ ಮೇಲೆ.

ಪ್ರಾಡಕ್ಟ್, ಪ್ರೈಸ್, ಪ್ಲೇಸ್, ಪ್ರಮೋಷನ್ ಎಂಬ ಮಾರ್ಕೆಟಿಂಗ್‌ನ ನಾಲ್ಕು ಪಿಗಳಲ್ಲಿ ‘ಪ್ಲೇಸ್’ ಎಂದರೆ ಅಂಗಡಿ ಇರುವ ಜಾಗ ಮಾತ್ರ ಎಂಬುದೂ ತಪ್ಪು. ಶಿರಸಿಯ ಬಾಟಲಿ ಹುಬ್ಬಳ್ಳಿಯ ಗಿರಾಕಿಯ ಕೈಸೇರುವವರೆಗಿನ ಸಗಟು ವ್ಯಾಪಾರಿ, ದಾಸ್ತಾನು, ಸಾಗಣೆ ಎಲ್ಲವೂ ಅದರೊಳಗೆ ಬರುತ್ತದೆ.

‘ಮಾತ್ರ’, ‘ಯಾವಾಗಲೂ’ ಕಂಡ ಕೂಡಲೇ ತಪ್ಪೆಂದು ಗುರುತು ಹಾಕುವ ಅಭ್ಯಾಸ ಬಹಳ ಜನರಿಗಿದೆ. ಬಹುಪಾಲು ಸಲ ನಡೆಯುತ್ತದೆ, ಆದರೆ ಪ್ರಶ್ನೆ ತೆಗೆಯುವವರಿಗೂ ಅದು ಗೊತ್ತು. ‘ನಾಲ್ಕು ಪಿಗಳಲ್ಲಿ ಆದಾಯ ತರುವುದು ಬೆಲೆ ಮಾತ್ರ’ ಎಂಬ ವಾಕ್ಯ ಕೊಟ್ಟರೆ ಪಠ್ಯದ ಪ್ರಕಾರ ಉತ್ತರ ‘ಸರಿ’: ಉತ್ಪನ್ನ, ವಿತರಣೆ, ಪ್ರಚಾರ ಮೂರನ್ನೂ ಅಲ್ಲಿ ವೆಚ್ಚದ ಕಡೆಗೇ ಸೇರಿಸುತ್ತಾರೆ.